ಕಿಡಿ ಬಿದ್ದ ಕಣ್ಣು, ಮೇಸ್ತ್ರಿ ಬರೆದ ವರದಿ

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. 1961ರಲ್ಲಿ ಶುರುವಾದ ಈ ಕಾಲೇಜಿನ ಹೆಸರು ಕಾಲಕಾಲಕ್ಕೆ ಬದಲಾಗಿದೆ, ಆದರೆ ಊರಿನವರ ಬಾಯಲ್ಲಿ ಅದು ಇವತ್ತಿಗೂ ವಿಮ್ಸ್. ಇಂಥ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಪೊರೆ ಬಂದ ವಯಸ್ಸಾದವರು ಬರುತ್ತಾರೆ, ಗದ್ದೆಯಲ್ಲಿ ಭತ್ತದ ಗರಿ ತಾಗಿಸಿಕೊಂಡವರು ಬರುತ್ತಾರೆ. ಅವರ ಜೊತೆಗೇ ಇನ್ನೊಂದು ಬಗೆಯ ರೋಗಿ ಬರುತ್ತಾನೆ. ವಯಸ್ಸು ಇಪ್ಪತ್ತು, ಇಪ್ಪತ್ತೈದು. ಅಂಗಿಯ ತೋಳಿನಲ್ಲಿ ಸೂಜಿ ಚುಚ್ಚಿದಂಥ ಸುಟ್ಟ ತೂತುಗಳು. ಒಂದೇ ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿರುತ್ತದೆ. ಏನಾಯ್ತಪ್ಪ ಅಂತ ಕೇಳಿದರೆ "ಗ್ರೈಂಡಿಂಗ್ ಹೊಡೀತಿದ್ದೆ ಸಾರ್, ಕಸ ಬಿತ್ತು" ಅನ್ನುತ್ತಾನೆ.

ಬಳ್ಳಾರಿ ಸೀಮೆಯಲ್ಲಿ ಗ್ರೈಂಡಿಂಗ್ ಮಷೀನಿನ ಸದ್ದು ಕೇಳದ ಪೇಟೆ ಕಡಿಮೆ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳಿವೆ, ಭತ್ತದ ಗದ್ದೆಯ ಕೆಸರು ತುಳಿಯುವ ಟ್ರ್ಯಾಕ್ಟರಿಗೆ ಕೇಜ್ ವೀಲ್ ಬೇಕು. ಕುರುಗೋಡಿನ ರೈತನಿಗೆ ಟ್ರಾಲಿ ಬೇಕು. ಬಳ್ಳಾರಿಯಲ್ಲಿ ಲಾರಿ ಬಾಡಿ ಕಟ್ಟಬೇಕು, ಗೇಟು, ಕಿಟಕಿ, ಶೀಟಿನ ಶೆಡ್ಡು ಮಾಡಬೇಕು. ಇದೆಲ್ಲ ವೆಲ್ಡಿಂಗ್ ಕೆಲಸ. ವೆಲ್ಡಿಂಗ್ ಆದ ಮೇಲೆ ಉಬ್ಬಿದ ಜಾಗವನ್ನು ಉಜ್ಜಿ ಮಟ್ಟ ಮಾಡುವುದೇ ಗ್ರೈಂಡಿಂಗ್. ಅಲ್ಲಿ ಕಣ್ಣಿಗೆ ಕಿಡಿ ಬಿದ್ದರೆ ಮೇಸ್ತ್ರಿಯೋ ಸೂಪರ್‌ವೈಸರೋ ಒಂದು ವರದಿ ಬರೆಯಬೇಕು. ಆ ವರದಿಯಲ್ಲಿ ಎರಡು ಕಾಲಂ ಇರುತ್ತವೆ: ಯಾವ ರಕ್ಷಣಾ ಸಾಧನ ಹಾಕಿಕೊಂಡಿದ್ದ, ಯಾವ ಚಿಕಿತ್ಸೆ ಕೊಡಿಸಲಾಯಿತು. ಆ ಎರಡು ಕಾಲಂಗಳನ್ನು ಹೇಗೆ ತುಂಬಿದರೆ ಕಣ್ಣು ಉಳಿಯುತ್ತದೆ ಎಂಬುದನ್ನು ಈಗ ನೋಡೋಣ.

ಅದಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳುತ್ತೇನೆ. ಇದು ಯಾರೊಬ್ಬರ ಕತೆಯೂ ಅಲ್ಲ, ಯಾವುದೊಂದು ಶೆಡ್ಡಿನದೂ ಅಲ್ಲ. ಇಂಥ ಕಡೆ ಸಾಮಾನ್ಯವಾಗಿ ಏನೇನು ನಡೆಯುತ್ತದೋ ಅದನ್ನು ಸೇರಿಸಿ ಕಟ್ಟಿದ್ದು.

ಟ್ರಾಲಿ ಕಟ್ಟುವ ಒಂದು ಶೆಡ್ಡು. ಬೆಳಿಗ್ಗೆ ಹನ್ನೊಂದೂವರೆ. ಒಬ್ಬ ಹುಡುಗ ಟ್ರಾಲಿಯ ಅಡಿಯ ಚಾನಲ್ಲಿನ ವೆಲ್ಡಿಂಗನ್ನು ನಾಲ್ಕು ಇಂಚಿನ ಮಷೀನಿನಲ್ಲಿ ಉಜ್ಜುತ್ತಿದ್ದಾನೆ. ಕೆಲಸ ಮುಖಕ್ಕಿಂತ ಮೇಲಿದೆ, ಅವನು ಮಂಡಿಯೂರಿ ಮುಖ ಮೇಲೆತ್ತಿಕೊಂಡಿದ್ದಾನೆ. ಕಣ್ಣಿಗೆ ಬಿಳಿ ಕನ್ನಡಕ ಇದೆ. ಎಡಗಣ್ಣಿಗೆ ಚುರ್ ಅನ್ನಿಸುತ್ತದೆ. ಕೆಲಸ ನಿಲ್ಲಿಸುವುದಿಲ್ಲ, ಆ ಜಾಗ ಮುಗಿಸಿಯೇ ಏಳುತ್ತಾನೆ. ಕನ್ನಡಕ ತೆಗೆದು ತೋಳಿನಿಂದ ಮುಖ ಒರೆಸಿಕೊಳ್ಳುತ್ತಾನೆ, ಕಣ್ಣು ಉಜ್ಜುತ್ತಾನೆ. ಪಕ್ಕದವನು "ಬಾರೋ ಇಲ್ಲಿ, ತೆಗೀತೀನಿ" ಅಂತ ರೆಪ್ಪೆ ಬಿಡಿಸಿ ಕರವಸ್ತ್ರದ ತುದಿ ಆಡಿಸುತ್ತಾನೆ. ಏನೂ ಕಾಣುವುದಿಲ್ಲ. ಮಧ್ಯಾಹ್ನ ಸ್ವಲ್ಪ ಕಡಿಮೆ ಅನ್ನಿಸುತ್ತದೆ. ರಾತ್ರಿ ಹತ್ತಕ್ಕೆ ಮತ್ತೆ ಶುರುವಾಗುತ್ತದೆ, ದೀಪ ನೋಡಲಿಕ್ಕಾಗುವುದಿಲ್ಲ. ಮನೆಯಲ್ಲಿ ಒಂದು ತೊಟ್ಟು ಹರಳೆಣ್ಣೆ ಬಿಡುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಶೆಡ್ಡಿಗೆ ಬಂದಾಗ ಕಣ್ಣು ತೆರೆಯಲು ಆಗುತ್ತಿಲ್ಲ. ಆಗ ಮೇಸ್ತ್ರಿ ಅವನನ್ನು ಆಸ್ಪತ್ರೆಗೆ ಕಳಿಸಿ ವರದಿ ಬರೆಯುತ್ತಾನೆ.

ವರದಿ ಹೀಗಿರುತ್ತದೆ: "ಗ್ರೈಂಡಿಂಗ್ ಮಾಡುವಾಗ ಕಿಡಿ ಸಿಡಿದು ಕಣ್ಣಿಗೆ ಪೆಟ್ಟಾಗಿದೆ. ಗಾಗಲ್ಸ್ ಧರಿಸಿದ್ದ. ಪ್ರಥಮ ಚಿಕಿತ್ಸೆ ಕೊಟ್ಟು ಆಸ್ಪತ್ರೆಗೆ ಕಳಿಸಲಾಗಿದೆ. ಕಾರಣ, ಕಾರ್ಮಿಕನ ಅಜಾಗರೂಕತೆ."

ನಾಲ್ಕು ವಾಕ್ಯ. ಇವುಗಳಲ್ಲಿ ಪೂರ್ತಿ ಸುಳ್ಳು ಅನ್ನುವಂಥದ್ದು ಕಾಣುವುದಿಲ್ಲ. ಆದರೆ ಇದನ್ನು ಓದಿ ನಾಳೆ ಇನ್ನೊಬ್ಬನ ಕಣ್ಣು ಕಾಯಲು ಆಗುವುದಿಲ್ಲ, ಈ ಹುಡುಗನನ್ನು ನೋಡುವ ವೈದ್ಯರಿಗೂ ಪ್ರಯೋಜನವಿಲ್ಲ. ಒಂದೊಂದೇ ವಾಕ್ಯ ಬಿಡಿಸಿ ನೋಡೋಣ.

ಮೊದಲು ಕಿಡಿ ಅಂದರೆ ಏನು ಅಂತ ತಿಳಿಯಬೇಕು. ಕಿಡಿ ಬರೀ ಬೆಳಕಲ್ಲ. ವೀಲು ಕಬ್ಬಿಣವನ್ನು ಕೆರೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಕಿತ್ತು ಬರುತ್ತವೆ. ಉಜ್ಜಿದ ಕಾವಿಗೆ ಅವು ಕೆಂಪಗೆ ಕಾದಿರುತ್ತವೆ, ಗಾಳಿ ಸೇರಿದ ಕೂಡಲೇ ಉರಿಯುತ್ತವೆ. ಆ ಉರಿಯುವ ಕಬ್ಬಿಣದ ಚೂರೇ ಕಿಡಿ. ಅದರ ಜೊತೆಗೆ ವೀಲಿನದೇ ಹರಳಿನ ಪುಡಿಯೂ ಹಾರುತ್ತದೆ, ಅದು ಹೊಳೆಯುವುದಿಲ್ಲ, ಹಾಗಾಗಿ ಕಾಣುವುದೂ ಇಲ್ಲ. ನಾಲ್ಕು ಇಂಚಿನ, ಅಂದರೆ 100 ಮಿಲಿಮೀಟರಿನ ವೀಲು ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರಿಗಿಂತ ಹೆಚ್ಚು. ಚೂರು ಹೆಚ್ಚುಕಡಿಮೆ ಆ ವೇಗದಲ್ಲೇ ಹೊರಡುತ್ತದೆ. ನಾವು ರೆಪ್ಪೆ ಮುಚ್ಚುವ ಹೊತ್ತಿಗೆ ಅದು ಬಂದು ಮುಟ್ಟಿರುತ್ತದೆ. "ನೋಡ್ಕೊಂಡು ಮಾಡೋದಲ್ವಾ" ಎಂದು ಬೈಯುವುದರಲ್ಲಿ ಅರ್ಥವಿಲ್ಲ. ಕಣ್ಣಿನ ಚುರುಕಿಗೆ ಸಿಗುವ ವೇಗ ಅದಲ್ಲ.

ಕರಿಗುಡ್ಡೆಯ ಮೇಲೆ ಗಾಜಿನಷ್ಟು ತಿಳಿಯಾದ ಒಂದು ಪದರ ಇದೆ. ವೈದ್ಯರು ಅದನ್ನು ಕಾರ್ನಿಯಾ ಅನ್ನುತ್ತಾರೆ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಕಾದ ಚೂರು ಅದರ ಮೇಲೆ ಬಿದ್ದರೆ ಸುಟ್ಟು ಅಲ್ಲೇ ಅಂಟಿಕೊಳ್ಳುತ್ತದೆ. ಕಣ್ಣೀರು ಉಪ್ಪುನೀರು, ಚೂರು ಕಬ್ಬಿಣ. ಕೆಲವೇ ಗಂಟೆಗಳಲ್ಲಿ ತುಕ್ಕು ಹಿಡಿಯಲು ಶುರುವಾಗುತ್ತದೆ. ಆ ತುಕ್ಕು ಸುತ್ತಲಿನ ಪದರಕ್ಕೆ ಇಳಿದು ಕಂದು ಬಣ್ಣದ ಉಂಗುರ ಕಟ್ಟುತ್ತದೆ. ಆ ಹುಡುಗನಿಗೆ ಮಧ್ಯಾಹ್ನ ಕಡಿಮೆ ಅನ್ನಿಸಿ ರಾತ್ರಿ ಹೆಚ್ಚಾಗಿದ್ದು ಇದರಿಂದಲೇ. ಚೂರು ಹೋಗಿರಲಿಲ್ಲ, ಕೂತಿತ್ತು.

ಈಗ ಎರಡನೇ ವಾಕ್ಯಕ್ಕೆ ಬರೋಣ, "ಗಾಗಲ್ಸ್ ಧರಿಸಿದ್ದ" ಎನ್ನುವುದಕ್ಕೆ. ಅಪಘಾತದ ವಿಚಾರಣೆ ನಿಂತುಹೋಗುವುದು ಬಹುಪಾಲು ಇಲ್ಲಿಯೇ. ಹಾಕಿಕೊಂಡಿದ್ದ, ಆದರೂ ಆಯಿತು, ಇನ್ನೇನು ಮಾಡಲಿಕ್ಕಾಗುತ್ತದೆ ಅಂತ ಎಲ್ಲರೂ ಕೈ ಚೆಲ್ಲುತ್ತಾರೆ. ಆದರೆ ವಿಚಾರಣೆ ಶುರುವಾಗಬೇಕಾದದ್ದೇ ಅಲ್ಲಿಂದ. ಹಾಕಿಕೊಂಡಿದ್ದರೆ ಚೂರು ಒಳಗೆ ಹೋದದ್ದು ಎಲ್ಲಿಂದ?

ಶೆಡ್ಡುಗಳಲ್ಲಿ ಗಾಗಲ್ ಅಂತ ಕರೆಯುವುದು ನಾಲ್ಕು ಬೇರೆ ಬೇರೆ ವಸ್ತುಗಳನ್ನು. ಒಂದು, ಸಾದಾ ಕನ್ನಡಕದ ಹಾಗಿರುವ ಬಿಳಿ ಪ್ಲಾಸ್ಟಿಕ್ಕಿನದು. ಅದಕ್ಕೆ ಪಕ್ಕದಲ್ಲಿ ಅಡ್ಡ ಇರಬಹುದು, ಇಲ್ಲದೆಯೂ ಇರಬಹುದು. ಮೂಗಿನ ಬದಿಯಲ್ಲಿ, ಕೆನ್ನೆಯ ಮೇಲೆ, ಹುಬ್ಬಿನ ಕೆಳಗೆ ಸಂದು ಇದ್ದೇ ಇರುತ್ತದೆ. ಎರಡು, ಎಲಾಸ್ಟಿಕ್ ಪಟ್ಟಿಯಿಂದ ತಲೆಗೆ ಬಿಗಿಯುವ, ಸುತ್ತ ಮೆತ್ತನೆಯ ಅಂಚು ಮುಖಕ್ಕೆ ಕೂರುವ ಮುಚ್ಚಿದ ಗಾಗಲ್. ಮೂರು, ವೆಲ್ಡಿಂಗಿನ ಕಪ್ಪು ಗ್ಲಾಸು. ಅದು ಬೆಳಕಿಗಾಗಿ ಮಾಡಿದ್ದು, ಗ್ರೈಂಡಿಂಗಿಗೆ ಹಾಕಿದರೆ ಕೆಲಸ ಕಾಣದೆ ಮುಖವನ್ನು ಇನ್ನೂ ಹತ್ತಿರ ಒಯ್ಯಬೇಕಾಗುತ್ತದೆ. ನಾಲ್ಕು, ಮುಖಕ್ಕೆಲ್ಲ ಅಡ್ಡವಾಗುವ ಪಾರದರ್ಶಕ ಶೀಲ್ಡು. ಈ ನಾಲ್ಕರಲ್ಲಿ ಯಾವುದನ್ನು ಹಾಕಿಕೊಂಡಿದ್ದರೂ ವರದಿಯಲ್ಲಿ ಬರುವುದು "ಧರಿಸಿದ್ದ" ಎಂಬ ಒಂದೇ ಮಾತು.

ನಮ್ಮ ಉದಾಹರಣೆಯಲ್ಲಿ ಹುಡುಗ ಮಂಡಿಯೂರಿ ಮುಖ ಮೇಲೆತ್ತಿದ್ದ. ಕೆಲಸ ಮುಖಕ್ಕಿಂತ ಮೇಲಿದ್ದಾಗ ಕಿಡಿ ನೇರವಾಗಿ ಗ್ಲಾಸಿಗೆ ಬಡಿಯುವುದಿಲ್ಲ. ಚಾನಲ್ಲಿನ ಒಳಮೈಗೆ ತಾಗಿ ತಿರುಗಿ ಬರುತ್ತದೆ, ಎದೆಗೆ ಬಿದ್ದು ಮೇಲೇಳುತ್ತದೆ, ಹುಬ್ಬಿನ ಮೇಲಿನಿಂದ ಸುರಿಯುತ್ತದೆ. ಸಾದಾ ಕನ್ನಡಕದ ಸಂದು ಇರುವುದು ಸರಿಯಾಗಿ ಆ ದಾರಿಗಳಲ್ಲೇ. ಮುಖದ ಶೀಲ್ಡು ಒಂದನ್ನೇ ಹಾಕಿದರೂ ಇದೇ ಕತೆ, ಗದ್ದದ ಕೆಳಗಿನಿಂದ ಚೂರು ಒಳಗೆ ಬರುತ್ತದೆ. ಹಾಗಾಗಿ ಗ್ರೈಂಡಿಂಗಿಗೆ ಸರಿಯಾದ ಜೋಡಿ ಅಂದರೆ ಒಳಗೆ ಮುಖಕ್ಕೆ ಕೂರುವ ಮುಚ್ಚಿದ ಗಾಗಲ್, ಅದರ ಮೇಲೆ ಶೀಲ್ಡು. ಶೀಲ್ಡು ವೀಲು ಒಡೆದು ಚೂರು ಹಾರಿದಾಗ ಮುಖ ಕಾಯುತ್ತದೆ, ಗಾಗಲ್ ಧೂಳು ಕಿಡಿಯಿಂದ ಕಣ್ಣು ಕಾಯುತ್ತದೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಕೊಳ್ಳುವಾಗ ಏನು ನೋಡಬೇಕು? ನಮ್ಮ ದೇಶದಲ್ಲಿ ಕಣ್ಣಿನ ರಕ್ಷಕಗಳಿಗೆ ಐಎಸ್ 5983 ಎಂಬ ಮಾನಕ ಇದೆ. ಯುರೋಪಿನ ಮಾನಕದ ಗುರುತು ಇದ್ದರೆ ಗ್ಲಾಸಿನ ಅಂಚಿನಲ್ಲಿ, ಚೌಕಟ್ಟಿನಲ್ಲಿ ಒಂದು ಅಕ್ಷರ ಕೊರೆದಿರುತ್ತಾರೆ. `F` ಅಂದರೆ ಸೆಕೆಂಡಿಗೆ 45 ಮೀಟರ್ ವೇಗದ ಸಣ್ಣ ಉಕ್ಕಿನ ಗುಂಡಿನ ಹೊಡೆತ ತಡೆದಿದೆ ಅಂತ, `B` ಅಂದರೆ 120 ಮೀಟರ್. ಕನ್ನಡಕದ ಮಾದರಿಗೆ `F`ಗಿಂತ ಮೇಲಿನ ಗುರುತು ಸಿಗುವುದಿಲ್ಲ, `B` ಸಿಗುವುದು ಮುಚ್ಚಿದ ಗಾಗಲ್ಲಿಗೆ ಮತ್ತು ಶೀಲ್ಡಿಗೆ. ನಾಲ್ಕು ಇಂಚಿನ ವೀಲಿನ ಅಂಚಿನ ವೇಗ ಸೆಕೆಂಡಿಗೆ ಸುಮಾರು 57 ಮೀಟರ್ ಅಂತ ನೆನಪಿಟ್ಟುಕೊಂಡರೆ ಯಾವುದು ಬೇಕೆಂದು ತಾನೇ ಗೊತ್ತಾಗುತ್ತದೆ. ಗುರುತೇ ಇಲ್ಲದ ಕನ್ನಡಕ ಬಿಸಿಲಿಗೆ ಹಾಕುವ ಕನ್ನಡಕಕ್ಕಿಂತ ಮೇಲಲ್ಲ.

ಆದರೆ ಹುಡುಗರು ಮುಚ್ಚಿದ ಗಾಗಲ್ ಯಾಕೆ ಹಾಕುವುದಿಲ್ಲ ಎಂಬುದನ್ನೂ ಮೇಸ್ತ್ರಿ ಬರೆಯಬೇಕು. ಬಳ್ಳಾರಿಯ ಏಪ್ರಿಲ್ ಮೇ ತಿಂಗಳು ಎಂಥದು ಅಂತ ಕೇಳುಗರಿಗೆ ನಾನು ಹೇಳಬೇಕಿಲ್ಲ. ನಲವತ್ತು ಡಿಗ್ರಿ ದಾಟಿದ ತಗಡಿನ ಶೆಡ್ಡಿನಲ್ಲಿ ಮುಖ ಬೆವೆತು ಗಾಗಲ್ಲಿನ ಒಳಗೆ ಮಂಜು ಕಟ್ಟುತ್ತದೆ. ಕೆಲಸ ಕಾಣುವುದಿಲ್ಲ. ಹಣೆಯ ಮೇಲಕ್ಕೆ ಸರಿಸುತ್ತಾರೆ. ಗೀರು ಬಿದ್ದ ಗ್ಲಾಸೂ ಹಾಗೆಯೇ, ಎದುರಿನಿಂದ ಬೆಳಕು ಬಿದ್ದರೆ ಬೆಳ್ಳಗೆ ಹೊಳೆದು ಏನೂ ಕಾಣದಂತಾಗುತ್ತದೆ. ಗಾಳಿಯಾಡಲು ಅಡ್ಡತೂತು ಇರುವ, ಮಂಜು ಹಿಡಿಯದ ಲೇಪ ಇರುವ ಗಾಗಲ್ ಸಿಗುತ್ತದೆ. ಗೀರು ಬಿದ್ದರೆ ಬದಲಾಯಿಸಿ ಕೊಡಬೇಕು. "ಕೊಟ್ಟಿದ್ದೆವು, ಹಾಕಲಿಲ್ಲ" ಅಂತ ಬರೆಯುವ ಮೊದಲು ಆ ಗಾಗಲ್ಲನ್ನು ಮೇಸ್ತ್ರಿ ತಾನೇ ಹತ್ತು ನಿಮಿಷ ಹಾಕಿಕೊಂಡು ಮಷೀನು ಹಿಡಿದು ನೋಡಲಿ.

ಇನ್ನೊಂದು ಸಂಗತಿ ಹೊತ್ತಿನದು. ಗ್ರೈಂಡಿಂಗ್ ಗಾಯಗಳೆಲ್ಲ ಗ್ರೈಂಡಿಂಗ್ ನಡೆಯುವಾಗಲೇ ಆಗುವುದಿಲ್ಲ. ಕೆಲಸ ಮುಗಿದ ಮೇಲೆ ಕೂದಲು, ಹುಬ್ಬು, ಟೋಪಿಯ ಅಂಚಿನಲ್ಲಿ ಕಬ್ಬಿಣದ ಪುಡಿ ಕೂತಿರುತ್ತದೆ. ಕನ್ನಡಕ ತೆಗೆದು ಮುಖ ಒರೆಸಿದಾಗ ಅದು ಕಣ್ಣಿಗೆ ಇಳಿಯುತ್ತದೆ. ಕಂಪ್ರೆಸರಿನ ಗಾಳಿ ಹೊಡೆದು ಬಟ್ಟೆ ಕೊಡವುವವರಿಗಂತೂ ಇದು ಖಂಡಿತ. ಪಕ್ಕದಲ್ಲಿ ಅಳತೆ ಹಿಡಿದು ನಿಂತವನಿಗೂ ಬೀಳುತ್ತದೆ, ಅವನ ಕಣ್ಣಿಗೆ ಏನೂ ಇರುವುದಿಲ್ಲ. ನಮ್ಮ ಹುಡುಗನ ಕಣ್ಣಿಗೆ ಚೂರು ಬಿದ್ದದ್ದು ಉಜ್ಜುವಾಗಲೋ ಒರೆಸಿಕೊಂಡಾಗಲೋ? ಕೆಲಸದ ನಡುವೆಯೇ ಚುರ್ ಅಂದಿತು ಅಂತ ಅವನು ಹೇಳುತ್ತಾನೆ. ಅಂದರೆ ಸಂದಿನಿಂದ ಬಂದದ್ದು, ಗಾಗಲ್ಲಿನ ಮಾದರಿ ಬದಲಾಗಬೇಕು. ಒರೆಸಿಕೊಂಡ ಮೇಲೆ ಶುರುವಾಯಿತು ಅಂದಿದ್ದರೆ ಮದ್ದು ಬೇರೆ: ಮೊದಲು ಕಣ್ಣು ಮುಚ್ಚಿ ತಲೆ ಬಗ್ಗಿಸಿ ಧೂಳು ಕೊಡವಿ, ಆಮೇಲೆ ಗಾಗಲ್ ತೆಗೆದು, ಮುಖ ತೊಳೆಯುವ ಅಭ್ಯಾಸ ಮಾಡಿಸಬೇಕು. ಒಂದು ಪ್ರಶ್ನೆ ಕೇಳಿ ಬರೆದುಕೊಂಡಿದ್ದರೆ ಯಾವುದೆಂದು ತಿಳಿಯುತ್ತಿತ್ತು.

ಮಷೀನಿನ ಬಗ್ಗೆಯೂ ಎರಡು ಸಾಲು ಬೇಕು. ವೀಲಿನ ಮೇಲಿನ ಕಬ್ಬಿಣದ ಗಾರ್ಡು ಇತ್ತೋ ಬಿಚ್ಚಿಟ್ಟಿದ್ದರೋ? ಉಜ್ಜಲು ದಪ್ಪ ಗ್ರೈಂಡಿಂಗ್ ವೀಲು ಹಾಕಿದ್ದರೋ, ತೆಳ್ಳನೆಯ ಕಟಿಂಗ್ ವೀಲನ್ನೇ ಅಡ್ಡ ಒತ್ತಿ ಉಜ್ಜುತ್ತಿದ್ದರೋ? ಕಟಿಂಗ್ ವೀಲು ಅಡ್ಡ ಒತ್ತಿದರೆ ಒಡೆಯುತ್ತದೆ, ಆಗ ಹಾರುವುದು ಪುಡಿಯಲ್ಲ, ತುಂಡು. ವೀಲಿನ ಮೇಲೆ ಬರೆದಿರುವ ಗರಿಷ್ಠ ಸುತ್ತು ಮಷೀನಿನ ಸುತ್ತಿಗಿಂತ ಹೆಚ್ಚಿರಬೇಕು. ದೊಡ್ಡ ವೀಲನ್ನು ಗಾರ್ಡು ಬಿಚ್ಚಿ ಸಣ್ಣ ಮಷೀನಿಗೆ ಏರಿಸುವುದು ನಮ್ಮ ಕಡೆ ನಡೆಯುತ್ತದೆ, ಅದು ಎಲ್ಲಕ್ಕಿಂತ ಅಪಾಯ.

ಮೂರನೇ ವಾಕ್ಯ, "ಪ್ರಥಮ ಚಿಕಿತ್ಸೆ ಕೊಟ್ಟು ಆಸ್ಪತ್ರೆಗೆ ಕಳಿಸಲಾಗಿದೆ." ಪ್ರಥಮ ಚಿಕಿತ್ಸೆ ಅಂದರೆ ಇಲ್ಲಿ ಕರವಸ್ತ್ರದ ತುದಿ. ಅದನ್ನು ಹಾಗೆಯೇ ಬರೆಯಬೇಕು. ಯಾಕೆಂದರೆ ಬಟ್ಟೆ ಆಡಿಸಿದ್ದರೆ, ಬೆಂಕಿಕಡ್ಡಿಯಿಂದ ಕೆದಕಿದ್ದರೆ, ಅಯಸ್ಕಾಂತ ಹಿಡಿದಿದ್ದರೆ, ಎಣ್ಣೆ ಬಿಟ್ಟಿದ್ದರೆ ಕಾರ್ನಿಯಾದ ಮೇಲೆ ಹೊಸ ಗೀರು ಬಿದ್ದಿರಬಹುದು, ಸೋಂಕು ಸೇರಿರಬಹುದು. ವೈದ್ಯರಿಗೆ ಅದು ಗೊತ್ತಿರಬೇಕು. ಯಾವ ಹೊತ್ತಿಗೆ ಬಿತ್ತು, ಯಾವ ಹೊತ್ತಿಗೆ ಆಸ್ಪತ್ರೆ ಮುಟ್ಟಿದ ಅನ್ನುವುದೂ ಬೇಕು. ಇಲ್ಲಿ ಆ ಅಂತರ ಇಪ್ಪತ್ತೆರಡು ಗಂಟೆಗೆ ಹತ್ತಿರ. ನಾಲ್ಕು ವಾಕ್ಯದ ವರದಿ ಓದಿದವರಿಗೆ ಹುಡುಗನನ್ನು ಆಗಿಂದಾಗಲೇ ಕಳಿಸಿದರು ಅನ್ನಿಸುತ್ತದೆ.

ಶೆಡ್ಡಿನಲ್ಲಿ ಮಾಡಬೇಕಾದ್ದು ಸ್ವಲ್ಪವೇ. ಕಣ್ಣು ಉಜ್ಜಬಾರದು. ಕೈ ತೊಳೆದು, ಶುದ್ಧವಾದ ಕುಡಿಯುವ ನೀರನ್ನೋ ಮೆಡಿಕಲ್ ಶಾಪಿನಲ್ಲಿ ಸಿಗುವ ಸಲೈನನ್ನೋ ಕಣ್ಣಿಗೆ ಮೆಲ್ಲಗೆ ಹರಿಸಿ, ರೆಪ್ಪೆ ಬಡಿಯಲು ಹೇಳಬೇಕು. ಸಡಿಲ ಧೂಳು ಇದ್ದರೆ ಇದರಲ್ಲೇ ಹೋಗುತ್ತದೆ. ತೊಳೆದ ಮೇಲೂ ಚುಚ್ಚುತ್ತಿದ್ದರೆ ಅಂಟಿಕೊಂಡಿದೆ ಅಂತಲೇ ತಿಳಿದು ಅದೇ ದಿನ ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು. ಅಂಗಡಿಯಿಂದ ತಾವಾಗಿ ಹನಿ ತಂದು ಹಾಕಬಾರದು. ಸ್ಟೀರಾಯ್ಡ್ ಸೇರಿದ ಹನಿ ಕೆಂಪನ್ನು ತಕ್ಷಣ ಇಳಿಸುತ್ತದೆ, ಒಳಗೊಳಗೇ ಸೋಂಕನ್ನು ಬೆಳೆಸುತ್ತದೆ.

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ? ಮೊದಲು ಗೋಡೆಯ ಮೇಲಿನ ಅಕ್ಷರ ಓದಿಸಿ ಎರಡೂ ಕಣ್ಣಿನ ದೃಷ್ಟಿ ಬರೆದುಕೊಳ್ಳುತ್ತಾರೆ. ನಮ್ಮ ಹುಡುಗನಿಗೆ ಬಲಗಣ್ಣು 6/6, ಎಡಗಣ್ಣು 6/12 ಅಂತ ಇಟ್ಟುಕೊಳ್ಳೋಣ. ಎಲ್ಲಕ್ಕಿಂತ ಮೊದಲು ಬರೆಯುವ ಈ ಅಂಕಿ ಮುಂದೆ ದೃಷ್ಟಿ ಉಳಿಯಿತೋ ಇಳಿಯಿತೋ ಎನ್ನಲು ಆಧಾರ. ಆಮೇಲೆ ಮರಗಟ್ಟಿಸುವ ಒಂದು ಹನಿ. ನೋವು ನಿಂತು ಕಣ್ಣು ತೆರೆಯಲು ಆಗುತ್ತದೆ. ಸ್ಲಿಟ್ ಲ್ಯಾಂಪ್ ಎಂಬ, ಗದ್ದ ಇಟ್ಟು ನೋಡುವ ಸೂಕ್ಷ್ಮದರ್ಶಕದಲ್ಲಿ ಕಣ್ಣನ್ನು ಹಿಗ್ಗಿಸಿ ನೋಡುತ್ತಾರೆ. ಮೇಲಿನ ರೆಪ್ಪೆಯನ್ನು ಮಗುಚಿ ನೋಡುತ್ತಾರೆ, ಅಲ್ಲಿ ಇನ್ನೊಂದು ಚೂರು ಅಡಗಿರುವುದುಂಟು. ಕಿತ್ತಳೆ ಬಣ್ಣದ ಫ್ಲೋರೆಸಿನ್ ಹಾಕಿ ನೀಲಿ ಬೆಳಕು ಬಿಟ್ಟರೆ ಗಾಯವಾದ ಜಾಗ ಹಸಿರಾಗಿ ಹೊಳೆಯುತ್ತದೆ. ರೆಪ್ಪೆಯಡಿ ಚೂರಿದ್ದರೆ ಕಾರ್ನಿಯಾದ ಮೇಲೆ ಮೇಲಿಂದ ಕೆಳಕ್ಕೆ ಗೀರುಗೀರು ಕಾಣುತ್ತದೆ, ರೆಪ್ಪೆ ಬಡಿದಾಗಲೆಲ್ಲ ಬಿದ್ದ ಗೀರು ಅವು.

ಚೂರು ಮೇಲ್ಪದರದಲ್ಲಿದ್ದರೆ ತೆಳ್ಳನೆಯ ಇಂಜೆಕ್ಷನ್ ಸೂಜಿಯ ತುದಿಯಿಂದ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಲೇ, ಬದಿಯಿಂದ ಎಬ್ಬಿಸಿ ತೆಗೆಯುತ್ತಾರೆ. ಕೆಲವೇ ನಿಮಿಷದ ಕೆಲಸ. ತುಕ್ಕಿನ ಉಂಗುರ ಉಳಿದರೆ ಸಣ್ಣ ಬರ್ ತಿರುಗಿಸಿ ಕೆರೆಯುತ್ತಾರೆ. ಅದು ಆಳದಲ್ಲಿದ್ದರೆ ಅವತ್ತೇ ಪೂರ್ತಿ ಕೆರೆಯುವುದಿಲ್ಲ. ಒಂದೆರಡು ದಿನದಲ್ಲಿ ಮೆತ್ತಗಾಗಿ ಸುಲಭವಾಗಿ ಬರುತ್ತದೆ, ಹೆಚ್ಚು ಕೆರೆದರೆ ಕಲೆ ದೊಡ್ಡದಾಗುತ್ತದೆ. ಪಾಪೆಯ ನೇರಕ್ಕೆ ಕಲೆ ಉಳಿದರೆ ಆ ಕಣ್ಣಿಗೆ ಮಬ್ಬು ಜೀವನಪೂರ್ತಿ. ಕೊನೆಗೆ ಸೋಂಕು ತಡೆಯುವ ಹನಿ, ಬೇಕಾದರೆ ಪಾಪೆ ಹಿಗ್ಗಿಸಿ ನೋವು ತಗ್ಗಿಸುವ ಹನಿ, ನೋವಿನ ಮಾತ್ರೆ. ಮೇಲ್ಪದರ ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ಕೂಡಿಕೊಳ್ಳುತ್ತದೆ. ಮಾರನೇ ದಿನ ಮತ್ತೆ ತೋರಿಸಲೇಬೇಕು. ಮರಗಟ್ಟಿಸುವ ಹನಿಯನ್ನು ಮನೆಗೆ ಕೊಡುವುದಿಲ್ಲ, ಕೇಳಲೂಬಾರದು. ಪದೇ ಪದೇ ಹಾಕಿದರೆ ಗಾಯ ಮಾಯುವುದೇ ನಿಂತುಹೋಗುತ್ತದೆ.

ನೋವು ಇಳಿಯುವ ಬದಲು ಏರಿದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ಕೀವು ಬಂದರೆ ಅದು ಹುಣ್ಣು. ಅಲ್ಲಿಂದ ಮುಂದೆ ದಿನಗಳ ಚಿಕಿತ್ಸೆ ವಾರಗಳದಾಗುತ್ತದೆ. ಸಿರುಗುಪ್ಪ ಕುರುಗೋಡಿನವರು ಹತ್ತಿರದಲ್ಲಿ ಕಣ್ಣಿನ ವೈದ್ಯರು ಸಿಕ್ಕರೆ ಅಲ್ಲಿಯೇ ತೋರಿಸಲಿ, ಸಿಗದಿದ್ದರೆ ಬಸ್ಸು ಹತ್ತಿ ಬಳ್ಳಾರಿಗೆ ಬರಲಿ. ಒಂದು ದಿನದ ಕೂಲಿ ಹೋಗುತ್ತದೆ ಎಂದು ತಡ ಮಾಡುವುದು ಬೇಡ.

ಇಲ್ಲಿ ಒಂದು ಎಚ್ಚರ. ಇಲ್ಲಿಯವರೆಗೆ ಹೇಳಿದ್ದು ಮೇಲ್ಪದರದಲ್ಲಿ ಕೂತ ಚೂರಿನ ಮಾತು. ಸುತ್ತಿಗೆಯಿಂದ ಉಳಿಗೆ ಹೊಡೆಯುವಾಗ, ವೀಲು ಒಡೆದಾಗ ಹಾರುವ ಚೂರು ಕಣ್ಣನ್ನು ತೂರಿ ಒಳಗೇ ಹೋಗಬಹುದು. ಅದರ ಮೋಸ ಏನೆಂದರೆ ಹೊರಗಿನ ಗಾಯ ಸಣ್ಣದಿರುತ್ತದೆ, ನೋವೂ ಕಡಿಮೆ ಇರಬಹುದು. ದೃಷ್ಟಿ ತಟ್ಟನೆ ಮಬ್ಬಾದರೆ, ಪಾಪೆ ದುಂಡಗಿರುವ ಬದಲು ಒಂದು ಕಡೆಗೆ ಎಳೆದಂತೆ ಕಂಡರೆ, ಕಣ್ಣೊಳಗೆ ರಕ್ತ ಕಂಡರೆ ತೂರಿದೆ ಅಂತಲೇ ತಿಳಿಯಬೇಕು. ಆಗ ತೊಳೆಯಬಾರದು, ಒತ್ತಬಾರದು, ಹನಿ ಹಾಕಬಾರದು. ಪೇಪರ್ ಕಪ್ಪಿನ ತಳವನ್ನು ಕತ್ತರಿಸಿ ಕಣ್ಣಿಗೆ ತಾಗದಂತೆ ಸುತ್ತಲಿನ ಮೂಳೆಯ ಮೇಲೆ ಕೂರಿಸಿ ಅಂಟಿಸಿ, ತಿನ್ನಲು ಕುಡಿಯಲು ಏನೂ ಕೊಡದೆ ನೇರ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಎಕ್ಸ್‌ರೇ ಇಲ್ಲವೇ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಎಂಆರ್‌ಐ ಮಾಡಬಾರದು, ಅದರ ಅಯಸ್ಕಾಂತ ಒಳಗಿನ ಕಬ್ಬಿಣವನ್ನು ಎಳೆದಾಡುತ್ತದೆ. ಕಬ್ಬಿಣದ ಚೂರು ಕಣ್ಣೊಳಗೆ ತಿಂಗಳುಗಟ್ಟಲೆ ಉಳಿದರೆ ಅದರ ವಿಷ ಕಣ್ಣಿನ ನರಪದರವನ್ನು ಹಾಳುಮಾಡುತ್ತದೆ. "ಉಳಿಗೆ ಹೊಡೆಯುತ್ತಿದ್ದ" ಅಂತಲೋ "ವೀಲು ಒಡೆಯಿತು" ಅಂತಲೋ ಮೇಸ್ತ್ರಿ ಬರೆದ ಒಂದು ಮಾತು ವೈದ್ಯರನ್ನು ಸರಿಯಾದ ಪರೀಕ್ಷೆಗೆ ಒಯ್ಯುತ್ತದೆ.

ನಾಲ್ಕನೇ ವಾಕ್ಯ ಉಳಿಯಿತು. "ಕಾರಣ, ಕಾರ್ಮಿಕನ ಅಜಾಗರೂಕತೆ." ಇದು ಹಣದ ಮಾತಿಗೂ ತಾಗುತ್ತದೆ. 1948ರ ಕಾರ್ಖಾನೆ ಕಾಯ್ದೆಯ 35ನೇ ಕಲಮು ಚೂರು ಹಾರುವ ಕೆಲಸದಲ್ಲಿ ತಕ್ಕ ಪರದೆ ಅಥವಾ ಗಾಗಲ್ ಒದಗಿಸುವ ಹೊಣೆಯನ್ನು ಕಾರ್ಖಾನೆಯ ಮೇಲೆ ಹಾಕಿತ್ತು. ಅದರ ಜಾಗಕ್ಕೆ ಬಂದ 2020ರ ಸುರಕ್ಷತಾ ಸಂಹಿತೆಯಲ್ಲೂ ಆ ಹೊಣೆ ಮಾಲೀಕನದೇ. ಇನ್ನು ಪರಿಹಾರ. ಇನ್ನೊಂದು ಕಣ್ಣು ಚೆನ್ನಾಗಿದ್ದು ಒಂದು ಕಣ್ಣಿನ ದೃಷ್ಟಿ ಹೋದರೆ ದುಡಿಯುವ ಶಕ್ತಿಯಲ್ಲಿ 30 ಪ್ರತಿಶತ ನಷ್ಟ, ಕಣ್ಣೇ ಹೋದರೆ 40 ಪ್ರತಿಶತ ಅಂತ 1923ರ ಪರಿಹಾರ ಕಾಯ್ದೆಯ ಪಟ್ಟಿ ಲೆಕ್ಕ ಹಾಕಿತ್ತು. ಅದೇ ಕಾಯ್ದೆಯಲ್ಲಿದ್ದು 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ಬಂದಿರುವ ಒಂದು ನಿಯಮ ಉಂಟು. ಸುರಕ್ಷತೆಗಾಗಿ ಕೊಟ್ಟ ಸಾಧನವನ್ನು, ಕೊಟ್ಟಿದ್ದಾರೆಂದು ಗೊತ್ತಿದ್ದೂ, ಕಾರ್ಮಿಕ ಬೇಕೆಂತಲೇ ತೆಗೆದುಹಾಕಿದ್ದರೆ ಅಥವಾ ಕಡೆಗಣಿಸಿದ್ದರೆ, ಸಾವು ಅಥವಾ ಶಾಶ್ವತವಾದ ಪೂರ್ಣ ಅಂಗವೈಕಲ್ಯ ಆಗಿರದಿದ್ದರೆ, ಮಾಲೀಕ ಪರಿಹಾರ ಕೊಡಬೇಕಾಗಿಲ್ಲ. ಒಂದು ಕಣ್ಣು ಹೋದದ್ದು ಪೂರ್ಣ ಅಂಗವೈಕಲ್ಯ ಅಲ್ಲ, ಭಾಗಶಃ ಮಾತ್ರ.

ಹಾಗಾಗಿ ಮಂಜು ಕಟ್ಟಿತೆಂದು ಗಾಗಲ್ ಸರಿಸಿದ್ದನ್ನು, ಸಂದು ಇರುವ ಕನ್ನಡಕವನ್ನೇ ಕೊಟ್ಟಿದ್ದನ್ನು ಎಲ್ಲ ಸೇರಿಸಿ "ಅಜಾಗರೂಕತೆ" ಅಂತ ಬರೆದರೆ ಆ ಹುಡುಗನ ಹಕ್ಕಿಗೇ ಅಡ್ಡಗಾಲು ಹಾಕಿದಂತೆ. ಅಜಾಗರೂಕತೆ ಬೇರೆ, ಬೇಕೆಂತಲೇ ಕಡೆಗಣಿಸುವುದು ಬೇರೆ, ಕಾಯ್ದೆ ಕೇಳುವುದು ಎರಡನೆಯದನ್ನು. ಆದರೆ ವಿವರವೇ ಇಲ್ಲದ ವರದಿಯ ಮುಂದೆ ಇದನ್ನು ವಾದಿಸಿ ಗೆಲ್ಲುವ ತಾಕತ್ತು ದಿನಗೂಲಿಯ ಹುಡುಗನಿಗೆ ಎಲ್ಲಿಂದ ಬರಬೇಕು? ಮೇಸ್ತ್ರಿ ಕಂಡದ್ದನ್ನು ಬರೆಯಲಿ, ತೀರ್ಪು ಬರೆಯುವುದು ಬೇಡ. ಇಎಸ್‌ಐ ವ್ಯಾಪ್ತಿಯ ಘಟಕವಾದರೆ ಅಪಘಾತದ ಪುಸ್ತಕದಲ್ಲಿ ದಾಖಲಿಸಿ ವರದಿಯನ್ನು ತಡಮಾಡದೆ ಕಳಿಸಬೇಕೆಂಬುದು ಇಎಸ್‌ಐ ನಿಯಮ. ಅದಕ್ಕೇ ಬಿದ್ದ ದಿನವೇ ಬರೆಯುವುದು ಮುಖ್ಯ.

ಈಗ ಅದೇ ವರದಿಯನ್ನು ಮತ್ತೆ ಬರೆದು ಓದುತ್ತೇನೆ, ಕೇಳಿ.

"ಬೆಳಿಗ್ಗೆ ಹನ್ನೊಂದೂವರೆಗೆ ಟ್ರಾಲಿಯ ಅಡಿಯ ಚಾನಲ್ಲಿನ ವೆಲ್ಡಿಂಗನ್ನು ನಾಲ್ಕು ಇಂಚಿನ ಮಷೀನಿನಿಂದ ಉಜ್ಜುತ್ತಿದ್ದ. ಗ್ರೈಂಡಿಂಗ್ ವೀಲು ಇತ್ತು, ಗಾರ್ಡು ಇತ್ತು, ವೀಲು ಒಡೆದಿಲ್ಲ. ಕೆಲಸ ಮುಖಕ್ಕಿಂತ ಮೇಲಿತ್ತು, ಮಂಡಿಯೂರಿದ್ದ. ಸಾದಾ ಕನ್ನಡಕದ ಮಾದರಿ ಹಾಕಿದ್ದ, ಗುರುತು ಇಲ್ಲ, ಪಕ್ಕದ ಅಡ್ಡ ಇಲ್ಲ, ಎಡಗ್ಲಾಸಿನಲ್ಲಿ ಗೀರು. ಶೀಲ್ಡು ಶೆಡ್ಡಿನಲ್ಲಿ ಇರಲಿಲ್ಲ. ಉಜ್ಜುತ್ತಿರುವಾಗಲೇ ಎಡಗಣ್ಣು ಚುರ್ ಅಂದಿತು ಎಂದು ಹೇಳಿದ. ಆಮೇಲೆ ಕಣ್ಣು ಉಜ್ಜಿಕೊಂಡ. ಜೊತೆಯವನು ಕರವಸ್ತ್ರದ ತುದಿ ಆಡಿಸಿದ. ನೀರಿನಿಂದ ತೊಳೆಯಲಿಲ್ಲ. ರಾತ್ರಿ ಮನೆಯಲ್ಲಿ ಹರಳೆಣ್ಣೆ ಹಾಕಿದರು. ಮಾರನೇ ದಿನ ಒಂಬತ್ತೂವರೆಗೆ ಆಸ್ಪತ್ರೆ ಮುಟ್ಟಿದ. ಎಡಗಣ್ಣು 6/12. ಕಬ್ಬಿಣದ ಚೂರು ತೆಗೆದರು, ತುಕ್ಕಿನ ಉಂಗುರ ಸ್ವಲ್ಪ ಉಳಿದಿದೆ, ನಾಳೆ ಮತ್ತೆ ಬರಲು ಹೇಳಿದ್ದಾರೆ. ಕ್ರಮ: ಮುಚ್ಚಿದ ಗಾಗಲ್ ಮತ್ತು ಶೀಲ್ಡು ತರಿಸಬೇಕು. ಟ್ರಾಲಿಯನ್ನು ಮಗುಚಿ ಇಟ್ಟು, ವೆಲ್ಡಿಂಗನ್ನು ಸೊಂಟದ ಮಟ್ಟಕ್ಕೆ ತಂದು ಉಜ್ಜಬೇಕು. ತೊಳೆಯಲು ಸಲೈನ್ ಇಡಬೇಕು."

ಇದನ್ನು ಬರೆಯಲು ಹತ್ತು ನಿಮಿಷ ಸಾಕು. ಇದರಲ್ಲಿ ಯಾರ ಮೇಲೂ ದೂರಿಲ್ಲ. ಆದರೆ ಓದಿದ ಮಾಲೀಕನಿಗೆ ಏನು ಕೊಳ್ಳಬೇಕು ಅಂತ ಗೊತ್ತಾಗುತ್ತದೆ, ವೈದ್ಯರಿಗೆ ಏನು ಹುಡುಕಬೇಕು ಅಂತ ಗೊತ್ತಾಗುತ್ತದೆ, ಮುಂದೆ ದೃಷ್ಟಿ ಇಳಿದರೆ ಹುಡುಗನ ಕೈಯಲ್ಲಿ ಒಂದು ದಾಖಲೆ ಇರುತ್ತದೆ. ಎಲ್ಲಕ್ಕಿಂತ ಮೇಲಾಗಿ, ಟ್ರಾಲಿಯನ್ನು ಮಗುಚಿ ಇಡುವ ಆ ಒಂದು ಬದಲಾವಣೆ ಕಿಡಿಯ ದಾರಿಯನ್ನೇ ಮುಖದಿಂದ ದೂರ ತಿರುಗಿಸುತ್ತದೆ. ಅದು ಹೊಳೆದದ್ದು ಹುಡುಗ ಮಂಡಿಯೂರಿದ್ದ ಎಂಬ ಮಾತನ್ನು ಬರೆದುದರಿಂದ.

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಶೆಡ್ಡುಗಳ ಮಾಲೀಕರಲ್ಲಿ ಮೇಸ್ತ್ರಿಗಳಲ್ಲಿ ನನ್ನ ಕೋರಿಕೆ ಇಷ್ಟು. ನಾಳೆ ಶೆಡ್ಡಿಗೆ ಹೋದಾಗ ಅಲ್ಲಿರುವ ಗಾಗಲ್ಲುಗಳನ್ನೆಲ್ಲ ಒಂದು ಕಡೆ ಇಟ್ಟು ನೋಡಿ. ಗುರುತಿಲ್ಲದ್ದು, ಗೀರು ಬಿದ್ದದ್ದು, ಪಕ್ಕ ತೆರೆದಿರುವುದು ಎಲ್ಲ ತೆಗೆದುಹಾಕಿ. ಗ್ರೈಂಡಿಂಗ್ ಮಾಡುವ ಪ್ರತಿಯೊಬ್ಬನಿಗೂ ಅವನದೇ ಆದ ಒಂದು ಮುಚ್ಚಿದ ಗಾಗಲ್ ಕೊಡಿ. ಗ್ರೈಂಡಿಂಗ್ ಮಾಡುವ ತಮ್ಮಂದಿರೇ, ಕಣ್ಣು ತೊಳೆದ ಮೇಲೂ ಚುಚ್ಚುತ್ತಿದ್ದರೆ ಕರವಸ್ತ್ರ ಹಿಡಿದವನ ಹತ್ತಿರ ಹೋಗಬೇಡಿ, ಕತ್ತಲಾಗುವ ಮೊದಲು ಕಣ್ಣಿನ ವೈದ್ಯರ ಹತ್ತಿರ ಹೋಗಿ.